ನಾಲ್ಕು ಪ್ರಶ್ನೆಚಿಹ್ನೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆಯೂ ಇದನ್ನು ಹೇಳಿದ್ದಾರೆ, ನಾನು ಒಪ್ಪಿಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಒಂದು ಹೆಣ್ಣುಮಗುವಿನ ಬದುಕಿನಲ್ಲಿ ಮೂವತ್ತಾರು ದಿನ ಹಾಳಾಗಿದ್ದು ಈ ಕೋಪದಿಂದ. ಅದಕ್ಕೂ ಹಿಂದಿನ ಮೂರು ವಾರ ಹಾಳಾಗಿದ್ದು ನಾನು ಬರೆಯದೆ ಬಿಟ್ಟ ಒಂದು ಪದದಿಂದ.

ಹೊಸೂರಿನ ಒಂದು ಟ್ರಸ್ಟಿಗೆ ನಾನು ಕಂಪ್ಯೂಟರ್ ಕೆಲಸ ಮಾಡಿಕೊಡುತ್ತೇನೆ. ಆಫೀಸು ಮೂಕಂಡಪಲ್ಲಿಯಲ್ಲಿ, ಒಂದು ಮೋಟರ್ ರಿಪೇರಿ ಅಂಗಡಿಯ ಮೇಲೆ. ಕೆಲಸ ಇಷ್ಟೆ: ಸುತ್ತಮುತ್ತಲ ಹಳ್ಳಿಗಳಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಮೂರನೆಯ ದಿನ ನಮ್ಮ ನರ್ಸು ಹಿಮ್ಮಡಿಗೆ ಚುಚ್ಚಿ, ನಾಲ್ಕು ತೊಟ್ಟು ರಕ್ತವನ್ನು ಒಂದು ದಪ್ಪ ಕಾಗದದ ಕಾರ್ಡಿಗೆ ಒತ್ತುತ್ತಾಳೆ. ಕಾರ್ಡು ಕೃಷ್ಣಗಿರಿಯ ಒಂದು ಖಾಸಗಿ ಲ್ಯಾಬಿಗೆ ಹೋಗುತ್ತದೆ. ಥೈರಾಯ್ಡ್ ಕೆಲಸ ಮಾಡದ ಮಗು ಸಾವಿರಕ್ಕೊಂದು ಸಿಗುತ್ತದೆ. ಅಂಥ ಮಗುವಿಗೆ ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಅದು ಎಲ್ಲ ಮಕ್ಕಳ ಹಾಗೆ ಬೆಳೆಯುತ್ತದೆ. ತಡವಾದರೆ ಮಿದುಳು ಬೆಳೆಯುವುದಿಲ್ಲ. ಮಾತ್ರೆಗೆ ದಿನಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ.

ಫಲಿತಾಂಶದ ಜೊತೆ ತಾಯಂದಿರ ಹೆಸರು ಊರೂರು ಸುತ್ತಬಾರದು ಎಂದು ಟ್ರಸ್ಟಿನವರು ಮೊದಲೇ ಹೇಳಿದ್ದರು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ತಾಯಿಯ ಹೆಸರು, ಊರು, ಹೆರಿಗೆಯ ತಾರೀಕು, ಈ ಮೂರನ್ನೂ ನಡುವೆ ಒಂದೊಂದು ಗೀಟು ಹಾಕಿ ಒಂದೇ ಸಾಲು ಮಾಡುವುದು. ಅದರ ಮುಂದೆ ನಮಗೂ ಲ್ಯಾಬಿಗೂ ಮಾತ್ರ ಗೊತ್ತಿರುವ ಒಂದು ಗುಟ್ಟುಪದ ಸೇರಿಸುವುದು. ಆ ಸಾಲನ್ನು ಎಸ್‌ಎಚ್‌ಎ-256 ಎಂಬ ಲೆಕ್ಕಕ್ಕೆ ಕೊಟ್ಟರೆ ಅರವತ್ತನಾಲ್ಕು ಅಕ್ಷರದ ಒಂದು ಗುರುತು ಬರುತ್ತದೆ. ಅದನ್ನು ಹ್ಯಾಶ್ ಎನ್ನುತ್ತೇವೆ. ಗಿರಣಿಗೆ ಹಾಕಿದ ರಾಗಿಯ ಹಾಗೆ: ಹಿಟ್ಟಿನಿಂದ ರಾಗಿ ವಾಪಸ್ಸು ಬರುವುದಿಲ್ಲ, ಆದರೆ ಅದೇ ರಾಗಿ ಹಾಕಿದರೆ ಎಲ್ಲಿ ಬೀಸಿದರೂ ಅದೇ ಹಿಟ್ಟು. ಕಾರ್ಡಿನ ಮೇಲೆ ಅಂಟಿಸಿದ ಚೌಕ ಕ್ಯುಆರ್ ಕೋಡನ್ನು ಲ್ಯಾಬಿನವರು ಸ್ಕ್ಯಾನ್ ಮಾಡಿದರೆ ಅವರಿಗೂ ಅದೇ ಸಾಲು ಸಿಗುತ್ತದೆ. ಅವರು ಅಲ್ಲಿ ಹ್ಯಾಶ್ ಮಾಡಿ, ಹೆಸರಿಲ್ಲದೆ, ಹ್ಯಾಶ್ ಮತ್ತು ಫಲಿತಾಂಶ ಎರಡನ್ನೇ ಕಳಿಸುತ್ತಾರೆ. ನಮ್ಮಲ್ಲಿರುವ ಹ್ಯಾಶಿಗೆ ಅದು ಹೊಂದಿದರೆ ಯಾವ ಮಗುವಿನದು ಎಂದು ನಮಗೆ ಗೊತ್ತಾಗುತ್ತದೆ.

ಲ್ಯಾಬಿನ ಕಡೆಯ ಪ್ರೋಗ್ರಾಮನ್ನು ಬರೆದವಳು ಚಂದ್ರಲೇಖಾ ಎಂಬ ಹುಡುಗಿ. ಅವಳು ಬರೆಯುವ ಕಂಪ್ಯೂಟರ್ ಭಾಷೆ ಜಾವಾ, ನನ್ನದು ಪೈಥಾನ್. ನಾನು ಅವಳಿಗೆ ಒಂದು ಪುಟದ ಟಿಪ್ಪಣಿ ಕಳಿಸಿದ್ದೆ: ಯಾವುದರ ಮುಂದೆ ಯಾವುದು, ಗೀಟು ಎಲ್ಲಿ, ತಾರೀಕು ಹೇಗೆ, ಎಲ್ಲ. ಹತ್ತು ಹೆಸರು ಪರೀಕ್ಷೆ ಮಾಡಿದೆವು. ಹತ್ತೂ ಇಂಗ್ಲಿಷ್ ಅಕ್ಷರದಲ್ಲಿದ್ದವು. ಹತ್ತೂ ತಾಳೆಯಾದವು. ಅವತ್ತು ನಾನು ಇಡೀ ಆಫೀಸಿಗೆ ಕಾಫಿ ಕೊಡಿಸಿದೆ.

ಲ್ಯಾಬಿನವರು ಬೇರೆ ಸಂಸ್ಥೆಗಳ ಫಲಿತಾಂಶವನ್ನೂ ಅದೇ ಫೈಲಿನಲ್ಲಿ ಕಳಿಸುತ್ತಿದ್ದರು. ನಮ್ಮದಕ್ಕೆ ಹೊಂದದ ಸಾಲು ಬಂದರೆ ಅದು ಬೇರೆಯವರದು ಎಂದು ನನ್ನ ಪ್ರೋಗ್ರಾಮು ಸುಮ್ಮನೆ ಬಿಟ್ಟುಬಿಡುತ್ತಿತ್ತು. ಫಲಿತಾಂಶ ಕೆಟ್ಟದಾಗಿದ್ದರೆ ಮಾತ್ರ ನರ್ಸಿಗೆ ಫೋನು ಹೋಗುತ್ತಿತ್ತು. ಫೋನು ಬರಲಿಲ್ಲ ಎಂದರೆ ಮಗು ಚೆನ್ನಾಗಿದೆ ಎಂದು ಅರ್ಥ ಅಂತ ಎಲ್ಲ ನರ್ಸುಗಳಿಗೂ ನಾನೇ ಪಾಠ ಹೇಳಿದ್ದೆ.

ಕೆಲಮಂಗಲದ ಕಡೆಯ ಹಳ್ಳಿಗಳಿಗೆ ನಮ್ಮ ನರ್ಸು ಕನಕಮ್ಮ. ಐವತ್ತು ದಾಟಿದ ಹೆಂಗಸು, ಸ್ಕೂಟರಿನಲ್ಲಿ ಓಡಾಡುತ್ತಾಳೆ, ಮೂರು ಭಾಷೆಯಲ್ಲೂ ಬಯ್ಯಬಲ್ಲಳು. ಒಂದು ದಿನ ಆಫೀಸಿಗೆ ಬಂದು, "ಅಕ್ಕಾ, ಇಂಗ್ಲಿಷ್‌ನಾಗೆ ಹೆಸ್ರು ಬರ್ದು ತೋರಿಸಿದ್ರೆ ನಮ್ಮ ಹೆಣ್ಮಕ್ಕಳಿಗೆ ಅದು ಅವರ ಹೆಸ್ರೋ ಪಕ್ಕದ ಮನೆಯವಳ ಹೆಸ್ರೋ ಗೊತ್ತಾಗಾಕಿಲ್ಲ. ಕನ್ನಡದಾಗೆ ಬರೆಯಂಗೆ ಮಾಡ್ಕೊಡಿ" ಅಂದಳು. ನನಗೆ ಬಹಳ ಖುಷಿಯಾಯಿತು. ತಮಿಳುನಾಡಿನಲ್ಲಿ ಕೂತು ಕನ್ನಡಕ್ಕೆ ಏನೋ ಮಾಡುತ್ತಿದ್ದೇನೆ ಎಂಬ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ. ಎರಡೇ ದಿನದಲ್ಲಿ ಅವಳು ವಿವರ ತುಂಬುವ ಟ್ಯಾಬಿಗೆ ಕನ್ನಡ ಹಾಕಿಕೊಟ್ಟೆ. ತೆರೆಯ ಮೇಲೆ ಚೆನ್ನಾಗಿ ಕಂಡಿತು, ಕಾರ್ಡಿನ ಮೇಲೆ ಹೆಸರು ಕನ್ನಡದಲ್ಲೇ ಅಚ್ಚಾಯಿತು, ಪಕ್ಕದ ಚೌಕ ಕೋಡಿನಲ್ಲೂ ಸರಿಯಾಗಿ ಕೂತಿತು. ಲ್ಯಾಬಿಗೆ ಒಂದು ಮಾತು ಹೇಳಬೇಕು, ಮತ್ತೊಂದು ಸಲ ತಾಳೆ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಸರಳಾಳ ಮಗು ಹುಟ್ಟಿದ್ದು ಅದಾದ ಎರಡನೆಯ ತಿಂಗಳು. ಸರಳಾಗೆ ಇಪ್ಪತ್ತಮೂರು ವರ್ಷ, ಎಂಟನೆಯ ಕ್ಲಾಸಿನವರೆಗೆ ಕನ್ನಡ ಸ್ಕೂಲಿನಲ್ಲಿ ಓದಿದವಳು. ಗಂಡ ಮಾದೇಶ್ ಹೊಸೂರಿನ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಬಂದು ಹೋಗುವವನು. ಮೊದಲ ಮಗು, ಹೆಣ್ಣು. ಮೂರನೆಯ ದಿನ ಕನಕಮ್ಮ ಹೋಗಿ ರಕ್ತ ತೆಗೆದು ಬಂದಳು.

ಮೂವತ್ತನಾಲ್ಕನೆಯ ದಿನ ಕನಕಮ್ಮನ ಫೋನು ಬಂತು. ನಾನು ಟ್ರಸ್ಟಿನ ವಾರ್ಷಿಕ ವರದಿಗೆ ಅಂಕಿ ತೆಗೆಯುತ್ತಿದ್ದೆ, ಅದು ಸರಿ ಬರುತ್ತಿರಲಿಲ್ಲ.

"ಅಕ್ಕಾ, ಸರಳಾನ ಪಾಪೂದು ರಿಸಲ್ಟು ಬಂದೈತಾ ನೋಡ್ತೀರಾ? ಕೂಸು ಬರೀ ಮಲಗ್ತದೆ. ಅತ್ರೂ ಗೊಗ್ಗರು ದನಿ."

"ಫೋನ್ ಬಂದಿದೆಯೇನಮ್ಮಾ ನಿನಗೆ?"

"ಇಲ್ಲ."

"ಬರದೇ ಇದ್ದರೆ ಏನು ಅರ್ಥ ಅಂತ ಎಷ್ಟು ಸಲ ಹೇಳಬೇಕು? ಒಬ್ಬೊಬ್ಬರಿಗೂ ನಾನು ಹುಡುಕುತ್ತಾ ಕೂತರೆ ಕಂಪ್ಯೂಟರ್ ಯಾತಕ್ಕೆ? ಕೂಸು ಮಲಗದೆ ಕುಣಿಯುತ್ತಾ?"

"ಸರಿ ಅಕ್ಕಾ" ಎಂದು ಕನಕಮ್ಮ ಫೋನಿಟ್ಟಳು. ನಾನು ಮತ್ತೆ ಅಂಕಿಗೆ ತಿರುಗಿದೆ. ಒಂದು ಹೆಸರು ಟೈಪ್ ಮಾಡಿ ನೋಡಲು ಹತ್ತು ಸೆಕೆಂಡು ಸಾಕಾಗಿತ್ತು.

ಎಪ್ಪತ್ತನೆಯ ದಿನ ಅವಳು ಫೋನು ಮಾಡಲಿಲ್ಲ, ಕೆಲಮಂಗಲದಿಂದ ಸ್ಕೂಟರಿನಲ್ಲಿ ನೇರ ಆಫೀಸಿಗೇ ಬಂದಳು. ಹೆಲ್ಮೆಟ್ಟು ತೆಗೆಯದೆ ನನ್ನ ಮುಂದೆ ನಿಂತು, "ಬಯ್ಯಂಗಿದ್ರೆ ಆಮ್ಯಾಲೆ ಬಯ್ಯಿರಿ. ಮೊದ್ಲು ಆ ಹೆಸ್ರು ಹೊಡೀರಿ. ಕೂಸಿನ ನಾಲಿಗೆ ಆಚಿಗೇ ಇರ್ತದೆ. ಹೊಕ್ಳು ಉಬ್ಬೈತೆ. ಮೂರು ದಿನಕ್ಕೊಂದ್ಸಲ ಕಕ್ಕ ಮಾಡ್ತದೆ. ನಾನು ಮೂವತ್ತು ವರ್ಷದಿಂದ ಕೂಸು ನೋಡ್ತಿದೀನಿ" ಅಂದಳು.

ನಾನು ಹೆಸರು ಹೊಡೆದೆ. ಮಗುವಿನ ವಿವರ ಇತ್ತು. ಫಲಿತಾಂಶದ ಜಾಗ ಖಾಲಿ ಇತ್ತು. ನಾರ್ಮಲ್ ಎಂದೂ ಇಲ್ಲ, ಕೆಟ್ಟದ್ದು ಎಂದೂ ಇಲ್ಲ. ಕನಕಮ್ಮನ ಉಳಿದ ಮಕ್ಕಳನ್ನು ತೆಗೆದು ನೋಡಿದೆ. ಕನ್ನಡದಲ್ಲಿ ಹೆಸರು ಬರೆದ ಅರವತ್ತೊಂದು ಮಕ್ಕಳು. ಅರವತ್ತೊಂದೂ ಖಾಲಿ.

ಚಂದ್ರಲೇಖಾಗೆ ಫೋನು ಹಚ್ಚಿದೆ. ಕಾರ್ಡಿನ ಕ್ರಮಸಂಖ್ಯೆ ಹೇಳಿದೆ. ಅವಳು ಹುಡುಕಿ, "ಇದು ಒಂಬತ್ತನೇ ದಿನವೇ ಕಳಿಸಿದ್ದೀವಲ್ಲ ಮೇಡಂ" ಅಂದಳು. ಫಲಿತಾಂಶ ತೆರೆದು ನೋಡಿ, "ಮೇಡಂ, ಟಿಎಸ್‌ಎಚ್ ತುಂಬಾ ಜಾಸ್ತಿ ಇದೆ, ಥೈರಾಯ್ಡ್ ಕೆಲಸ ಮಾಡ್ತಿಲ್ಲ. ಕೆಂಪು ಬಣ್ಣದಲ್ಲಿ ಕಳಿಸಿದ್ದೀವಿ" ಅಂದಳು.

ಕನಕಮ್ಮ ಎದುರಿಗಿದ್ದ ಸ್ಟೂಲಿನ ಮೇಲೆ ಕೂತಳು. ನಾನು ಅವಳ ಮುಖ ನೋಡಲಿಲ್ಲ. "ಈಗಲೇ ಹೊರಡು, ಮಗುವನ್ನು ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಬಾ, ಮಕ್ಕಳ ಡಾಕ್ಟರಿಗೆ ನಾನು ಹೇಳಿರುತ್ತೇನೆ" ಎಂದೆ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಎದ್ದು ಹೋದಳು. ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಡಾಕ್ಟರಿಗೆ ಹೇಳಿದ ಮೇಲೆ ಉಳಿದ ಅರವತ್ತು ಮಕ್ಕಳ ಯೋಚನೆ. ಚಂದ್ರಲೇಖಾಳನ್ನು ಮತ್ತೆ ಹಿಡಿದೆ. ಸರಳಾಳ ಸಾಲನ್ನು ನಾನು ಇಲ್ಲಿ ಹ್ಯಾಶ್ ಮಾಡಿದೆ, ಅವಳು ಕೃಷ್ಣಗಿರಿಯಲ್ಲಿ ತನ್ನ ಲ್ಯಾಪ್‌ಟಾಪಿನಲ್ಲಿ ಮಾಡಿ ಮೊದಲ ಎಂಟು ಅಕ್ಷರ ಓದಿದಳು. ಎಂಟೂ ಒಂದೇ. ಉಳಿದದ್ದನ್ನೂ ಓದಿಸಿದೆ. ಅರವತ್ತನಾಲ್ಕೂ ಒಂದೇ.

"ನನ್ನ ಪ್ರೋಗ್ರಾಮು ಸರಿಯಾಗೇ ಇದೆ ಮೇಡಂ" ಎಂದಳು. ಅವಳ ದನಿಯಲ್ಲಿ ಜೀವ ಬಂದಿತ್ತು.

"ನಿನ್ನ ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ ಬಾವಿಗೆ ಹಾಕು. ಲ್ಯಾಬಿನ ಮಿಷನ್ನಿನಲ್ಲಿ ಮಾಡು" ಎಂದೆ.

ಅವಳ ಲ್ಯಾಪ್‌ಟಾಪು ಓಡುವುದು ಲಿನಕ್ಸಿನ ಮೇಲೆ. ಲ್ಯಾಬಿನಲ್ಲಿ ಕಾರ್ಡು ಸ್ಕ್ಯಾನ್ ಮಾಡುವ ಮಿಷನ್ನು ವಿಂಡೋಸ್, ಅದರಲ್ಲಿ ಹಳೆಯ ಜಾವಾ. ಅವಳು ಕೆಳಗೆ ಓಡಿಹೋಗಿ ಅಲ್ಲಿ ಮಾಡಿದಳು. ಮೊದಲ ಅಕ್ಷರವೇ ಬೇರೆ. ಅದೇ ಪ್ರೋಗ್ರಾಮು, ಅದೇ ಸಾಲು, ಬೇರೆ ಹ್ಯಾಶ್.

ಅಷ್ಟರಲ್ಲಿ ನನಗೆ ಗೊತ್ತಾಗಿಬಿಟ್ಟಿತ್ತು. ಆದರೂ ಪೂರ್ತಿ ಖಾತ್ರಿಯಾಗಬೇಕಿತ್ತು. "ಸರಳಾ ಅನ್ನುವ ಜಾಗದಲ್ಲಿ ಮಾಲಾ ಅಂತ ಹಾಕು, ಬೇರೆ ಏನೂ ಬದಲಾಯಿಸಬೇಡ" ಎಂದೆ. ಅವಳು ಹಾಕಿದಳು.

"ಮೇಡಂ, ಎರಡಕ್ಕೂ ಒಂದೇ ಬರ್ತಿದೆ."

ಹ್ಯಾಶಿನ ಲೆಕ್ಕಕ್ಕೆ ಅಕ್ಷರ ಗೊತ್ತಿಲ್ಲ. ಅದು ತಿನ್ನುವುದು ಬೈಟುಗಳನ್ನು, ಎಂದರೆ ಬರೀ ಸಂಖ್ಯೆಗಳನ್ನು. ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಮೊದಲು ಯಾರಾದರೂ ತೀರ್ಮಾನ ಮಾಡಬೇಕು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತದ ಗುರುತಿಗೂ ಮೂರು ಮೂರು ಬೈಟು. ಸರಳಾ ಎಂದರೆ ಸ, ರ, ಳ, ಮೇಲೆ ದೀರ್ಘದ ಗುರುತು: ನಾಲ್ಕು ಮೂರಲ ಹನ್ನೆರಡು ಬೈಟು. ನಾನು ಯುಟಿಎಫ್-8 ಎಂದು ಬರೆದೇ ಹ್ಯಾಶ್ ಮಾಡಿದ್ದೆ. ಚಂದ್ರಲೇಖಾ ಯಾವ ಪದ್ಧತಿ ಎಂದು ಬರೆಯದೆ ಬೈಟು ಕೊಡು ಎಂದಷ್ಟೇ ಬರೆದಿದ್ದಳು. ಹಾಗೆ ಬರೆದರೆ ಹಳೆಯ ಜಾವಾ ತಾನು ಕೂತಿರುವ ಮಿಷನ್ನಿನ ಪದ್ಧತಿಯನ್ನೇ ಹಿಡಿಯುತ್ತದೆ. ಅವಳ ಲಿನಕ್ಸಿನಲ್ಲಿ ಅದು ಯುಟಿಎಫ್-8. ಲ್ಯಾಬಿನ ವಿಂಡೋಸಿನಲ್ಲಿ ಪಶ್ಚಿಮ ಯೂರೋಪಿನ ಒಂದು ಹಳೆಯ ಪಟ್ಟಿ. ಆ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಯುಟಿಎಫ್-8ರ ಸಂಖ್ಯೆಗಳೇ ಇವೆ, ಅದಕ್ಕೆ ನಮ್ಮ ಹತ್ತು ಹೆಸರೂ ತಾಳೆಯಾಗಿದ್ದವು. ಕನ್ನಡದ ಒಂದು ಅಕ್ಷರವೂ ಅದರಲ್ಲಿಲ್ಲ. ಇಲ್ಲದ ಅಕ್ಷರ ಬಂದರೆ ಜಾವಾ ಗಲಾಟೆ ಮಾಡುವುದಿಲ್ಲ, ಅದರ ಜಾಗದಲ್ಲಿ ಒಂದು ಪ್ರಶ್ನೆಚಿಹ್ನೆ ಇಟ್ಟು ಮುಂದೆ ಹೋಗುತ್ತದೆ. ಸರಳಾ ಎಂದರೆ ನಾಲ್ಕು ಪ್ರಶ್ನೆಚಿಹ್ನೆ. ಕೆಲಮಂಗಲ ಎಂದರೆ ಏಳು ಪ್ರಶ್ನೆಚಿಹ್ನೆ. ಮಾಲಾ ಎಂದರೂ ನಾಲ್ಕೇ. ನಮ್ಮ ಅರವತ್ತೊಂದು ತಾಯಂದಿರ ಹೆಸರೂ ಆ ಮಿಷನ್ನಿನಲ್ಲಿ ಹೀಗೆ ಪ್ರಶ್ನೆಚಿಹ್ನೆಗಳಾಗಿ, ಅವುಗಳ ಹ್ಯಾಶು ನಮಗೆ ಬಂದು, ನನ್ನ ಪ್ರೋಗ್ರಾಮು ಇವು ಬೇರೆಯವರವು ಎಂದು ಒಂದೊಂದಾಗಿ ಬಿಸಾಕಿತ್ತು.

"ನಾನು ಒಂದು ಪದ ಬರೀಬೇಕಾಗಿತ್ತು ಮೇಡಂ" ಎಂದು ಚಂದ್ರಲೇಖಾ ಅತ್ತಳು.

ನಾನು ಅವಳಿಗೆ ಕಳಿಸಿದ್ದ ಟಿಪ್ಪಣಿ ತೆಗೆದು ನೋಡಿದೆ. ಗೀಟು ಎಲ್ಲಿ ಹಾಕಬೇಕು ಎಂಬುದಕ್ಕೆ ಮೂರು ಸಾಲು ಬರೆದಿದ್ದೆ. ಮೊದಲು ಸಾಲನ್ನು ಯುಟಿಎಫ್-8 ಬೈಟು ಮಾಡಿ, ಆಮೇಲೆ ಹ್ಯಾಶ್ ಮಾಡು ಎಂದು ಎಲ್ಲೂ ಇರಲಿಲ್ಲ. "ಅಳಬೇಡ. ನಾನು ಬರೆದಿದ್ದರೆ ನೀನು ಬರೆಯುತ್ತಿದ್ದೆ" ಎಂದೆ. ಅವಳ ಮೇಲೆ ಕೂಗಾಡುವ ಹಕ್ಕು ನನಗೆ ಅವತ್ತು ಇರಲಿಲ್ಲ.

ಅವಳು ಪ್ರೋಗ್ರಾಮಿನಲ್ಲಿ ಆ ಪದ ಸೇರಿಸಿದಳು. ಅರವತ್ತೊಂದು ಕಾರ್ಡಿನ ಸಾಲುಗಳು ಲ್ಯಾಬಿನಲ್ಲಿ ಹಾಗೇ ಉಳಿದಿದ್ದವು. ಎಲ್ಲವನ್ನೂ ಮತ್ತೆ ಹ್ಯಾಶ್ ಮಾಡಿಸಿ ಕಳಿಸಿದಳು. ಕನ್ನಡ, ತಮಿಳು, ತೆಲುಗು ಹೆಸರು ಹಾಕಿ ಎರಡೂ ಕಡೆ ತಾಳೆ ನೋಡಿದೆವು. ಎಲ್ಲ ಹೊಂದಿದವು. ಅರವತ್ತು ಮಕ್ಕಳು ನಾರ್ಮಲ್. ಈ ಪೂರ್ತಿ ಕೆಲಸಕ್ಕೆ ನಮಗೆ ಹಿಡಿದದ್ದು ಎರಡು ಗಂಟೆ.

ಮಗುವಿಗೆ ಎಪ್ಪತ್ತೊಂದನೆಯ ದಿನ ಮಾತ್ರೆ ಶುರುವಾಯಿತು. ಮಾತ್ರೆಯನ್ನು ಪುಡಿ ಮಾಡಿ ಎದೆಹಾಲಿನಲ್ಲಿ ಕಲಸಿ ಚಮಚದಲ್ಲಿ ಕುಡಿಸಬೇಕು. ಕನಕಮ್ಮ ತೋರಿಸಿಕೊಟ್ಟಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮೈಯೆಲ್ಲಾ ಸರಿಹೋಗುತ್ತೆ. ಮಿದುಳಿನದ್ದು ಈಗಲೇ ಹೇಳಕ್ಕಾಗಲ್ಲ, ಕಾಯಬೇಕು" ಎಂದರು. ನಾನು ಸರಳಾಗೆ, "ಕಂಪ್ಯೂಟರಿನಲ್ಲಿ ನಮ್ಮ ಕಡೆಯಿಂದ ತಪ್ಪಾಯಿತಮ್ಮ, ಅದಕ್ಕೆ ತಡವಾಯಿತು" ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿದಳು. ಮಾದೇಶ್ ನನ್ನನ್ನು ಒಂದು ಸಲ ನೋಡಿ, "ತಡ ಅಂದ್ರೆ ಎಷ್ಟು ತಡ ಮೇಡಂ?" ಎಂದು ಕೇಳಿದ. ಎಂಟು ವಾರ ಎಂದೆ. ಅವನು ಆಮೇಲೆ ನನ್ನ ಜೊತೆ ಮಾತಾಡಲಿಲ್ಲ.

ಟ್ರಸ್ಟಿನ ಸಭೆಯಲ್ಲಿ ನಾನು ನಡೆದದ್ದನ್ನೆಲ್ಲ ಬರೆದುಕೊಟ್ಟೆ, ಕನಕಮ್ಮನಿಗೆ ಫೋನಿನಲ್ಲಿ ಬಯ್ದದ್ದನ್ನೂ ಸೇರಿಸಿ. ಕೆಲಸ ಬಿಡುತ್ತೇನೆ ಎಂದೆ. ನೀನು ಬಿಟ್ಟರೆ ಇದನ್ನು ನೋಡುವವರು ಯಾರು ಎಂದು ಕೇಳಿದರು. ಈಗ ಫಲಿತಾಂಶ ಏನೇ ಇರಲಿ ಪ್ರತಿ ತಾಯಿಗೂ ಫೋನು ಹೋಗುತ್ತದೆ. ಲ್ಯಾಬಿನವರು ನಮ್ಮದನ್ನು ಬೇರೆ ಫೈಲಿನಲ್ಲೇ ಕಳಿಸುತ್ತಾರೆ, ಅದರಲ್ಲಿ ಹೊಂದದ ಸಾಲು ಒಂದು ಬಂದರೂ ನನ್ನ ಫೋನು ಬಡಿದುಕೊಳ್ಳುತ್ತದೆ. ಹದಿನೈದನೆಯ ದಿನ ಫಲಿತಾಂಶದ ಜಾಗ ಖಾಲಿ ಇದ್ದರೆ ಕಾರ್ಡು ಹುಡುಕಿಕೊಂಡು ನಾನೇ ಕೃಷ್ಣಗಿರಿಗೆ ಹೋಗುತ್ತೇನೆ.

ಮಗುವಿಗೆ ಧನ್ವಿತಾ ಎಂದು ಹೆಸರಿಟ್ಟರು. ಮೂರು ತಿಂಗಳಿಗೊಮ್ಮೆ ಹೊಸೂರಿಗೆ ಕರೆತರುತ್ತಾರೆ, ಆ ದಿನ ನಾನೂ ಆಸ್ಪತ್ರೆಗೆ ಹೋಗುತ್ತೇನೆ. ನಾಲಿಗೆ ಒಳಗೆ ಹೋಯಿತು. ಮುಖ ತುಂಬಿಕೊಂಡಿತು. ಬಹಳ ಚೆಂದದ ಮಗು, ನೋಡಿದವರು ಎತ್ತಿಕೊಳ್ಳದೆ ಇರುವುದಿಲ್ಲ. ಆದರೆ ಎಂಟು ತಿಂಗಳಿಗೆ ಕೂರಲಿಲ್ಲ. ಹನ್ನೊಂದಕ್ಕೂ ಆಸರೆ ಬೇಕಿತ್ತು. ಪ್ರತಿ ಸಲ ಡಾಕ್ಟರು ಇನ್ನೊಂದು ಮೂರು ತಿಂಗಳು ನೋಡೋಣ ಎನ್ನುತ್ತಿದ್ದರು, ನಾವೆಲ್ಲ ಆ ಮೂರು ತಿಂಗಳನ್ನು ಹಿಡಿದುಕೊಂಡು ಮನೆಗೆ ಹೋಗುತ್ತಿದ್ದೆವು.

ಹದಿನಾಲ್ಕನೆಯ ತಿಂಗಳು ಡಾಕ್ಟರು ಮರದ ಬಿಲ್ಲೆ, ಗಿಲಕಿ, ಕನ್ನಡಿ ಎಲ್ಲ ಇಟ್ಟು ಒಂದು ಗಂಟೆ ಪರೀಕ್ಷೆ ಮಾಡಿದರು. ಹೆಸರು ಹಿಡಿದು ಕರೆದರೆ ಧನ್ವಿತಾ ತಿರುಗಲಿಲ್ಲ. ಬಿಲ್ಲೆಯನ್ನು ಬಟ್ಟೆಯ ಕೆಳಗೆ ಮುಚ್ಚಿಟ್ಟರೆ ಹುಡುಕಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು, ಮಗು ಮುಂದೆ ನಡೆಯುತ್ತದೆ, ನಾಲ್ಕು ಮಾತೂ ಆಡಬಹುದು, ಆದರೆ ಬೇರೆ ಮಕ್ಕಳ ಹಾಗೆ ಬುದ್ಧಿ ಬೆಳೆಯುವುದಿಲ್ಲ, ಕಲಿಸುವುದನ್ನೆಲ್ಲ ನಿಧಾನವಾಗಿ ಕಲಿಸಬೇಕು ಎಂದು ನೇರವಾಗಿ ಹೇಳಿದರು. ಕಳೆದುಹೋದದ್ದು ವಾಪಸ್ಸು ಬರುವುದಿಲ್ಲ ಎಂದರು.

ಮಾದೇಶ್ ಬೈಕು ತರುತ್ತೇನೆ ಎಂದು ಎದ್ದು ಹೋದ. ಅವನು ಮೆಟ್ಟಿಲ ಹತ್ತಿರ ಗೋಡೆ ಹಿಡಿದು ನಿಂತದ್ದು ನನಗೆ ಕಂಡಿತು. ಸರಳಾ ಮತ್ತು ನಾನು ಹೊರಗಿನ ಬೆಂಚಿನ ಮೇಲೆ ಕೂತೆವು. ಮಗು ಅವಳ ತೊಡೆಯ ಮೇಲೆ ಬಳೆ ಎಳೆಯುತ್ತಿತ್ತು.

"ಅಕ್ಕಾ, ತಪ್ಪಾಯ್ತು ಅಂದ್ರಲ್ಲ, ಏನು ತಪ್ಪು ಅಂತ ನಾನು ಕೇಳ್ಲೇ ಇಲ್ಲ" ಎಂದಳು. "ಇವತ್ತು ಹೇಳಿ."

ಅವಳಿಗೆ ನಿಜ ಹೇಳಬೇಕು ಎಂದು ನನಗೆ ಎಷ್ಟೋ ದಿನದಿಂದ ಇತ್ತು. ಹೇಳಿದೆ. ನಮ್ಮ ಕಂಪ್ಯೂಟರು, ಅವರ ಕಂಪ್ಯೂಟರು, ಎರಡೂ ನಿನ್ನ ಹೆಸರನ್ನು ಒಂದೇ ರೀತಿ ಸಂಖ್ಯೆ ಮಾಡಬೇಕಾಗಿತ್ತು, ಅದನ್ನು ನಾನು ಅವರಿಗೆ ಹೇಳಲಿಲ್ಲ ಎಂದೆ. ಇಂಗ್ಲಿಷ್ ಹೆಸರೆಲ್ಲ ಸರಿಯಾಗಿ ಬಂತು, ಕನ್ನಡದ ಹೆಸರು ಆ ಮಿಷನ್ನಿನಲ್ಲಿ ನಾಲ್ಕು ಪ್ರಶ್ನೆಚಿಹ್ನೆ ಆಗಿಹೋಯಿತು, ಅದಕ್ಕೆ ನಿನ್ನ ಮಗುವಿನ ಫಲಿತಾಂಶ ಬಂದರೂ ಅದು ನಿನ್ನದು ಎಂದು ನನಗೆ ಗೊತ್ತಾಗಲಿಲ್ಲ ಎಂದೆ. ಅವಳು ಒಂದೊಂದು ಮಾತನ್ನೂ ಗಮನವಿಟ್ಟು ಕೇಳಿದಳು.

"ಇಂಗ್ಲಿಷ್‌ನಾಗೆ ಬರ್ದಿದ್ರೆ ಸಿಗ್ತಿತ್ತಾ?"

"ಸಿಗ್ತಿತ್ತು."

"ಒಂಬತ್ತನೇ ದಿನ?"

"ಹೂಂ."

ಅವಳು ಮಗುವಿನ ಬೆರಳನ್ನು ಬಳೆಯಿಂದ ಬಿಡಿಸಿದಳು. ಅದು ಮತ್ತೆ ಹಿಡಿಯಿತು. ಬೈಕು ತಂದು ಮಾದೇಶ್ ಗೇಟಿನ ಹತ್ತಿರ ನಿಲ್ಲಿಸಿದ್ದು ಕಂಡಿತು. ಸರಳಾ ನನ್ನ ಕೈ ಹಿಡಿದುಕೊಂಡು ದನಿ ಇಳಿಸಿದಳು.

"ಇದು ನಮ್ಮನೆಯವರಿಗೆ ಹೇಳ್ಬ್ಯಾಡಿ ಅಕ್ಕಾ. ಆವತ್ತು ಕನಕಮ್ಮ ಬಂದಾಗ ಅವರು ಇಂಗ್ಲಿಷ್‌ನಾಗೇ ಬರ್ಕಳಿ ಅಂದ್ರು. ನಾನೇ ಬ್ಯಾಡ ಅಂದೆ. ನನ್ನ ಮಗೂನ ಕಾರ್ಡು, ನಂಗೆ ಓದಾಕೆ ಬರಂಗಿರ್ಲಿ ಅಂತ ಹಟ ಮಾಡ್ದೆ."

"ಸರಳಾ, ಅದು ನಿನ್ನ ತಪ್ಪಲ್ಲ. ನನ್ನದು. ನಾನು ಒಂದು ಪದ ಬರೆದಿದ್ದರೆ ಕನ್ನಡದಲ್ಲೇ ಸರಿಯಾಗಿ ಬರುತ್ತಿತ್ತು. ಈಗ ಬರುತ್ತಿದೆ."

"ಆಯ್ತಕ್ಕಾ" ಎಂದಳು. ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು. "ಹೇಳ್ಬ್ಯಾಡಿ ಆದ್ರೂ."

ಅವಳು ಮಗುವನ್ನು ಎತ್ತಿಕೊಂಡು ಬೈಕಿನ ಹಿಂದೆ ಕೂತಳು. ಅದು ನಿನ್ನ ತಪ್ಪಲ್ಲ ಎಂಬ ಮಾತನ್ನು ನಾನು ಆಮೇಲೆ ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ, ಫೋನಿನಲ್ಲಿ, ಅವಳ ಮನೆಯ ಜಗಲಿಯಲ್ಲಿ, ಕನಕಮ್ಮನಿಂದಲೂ ಹೇಳಿಸಿದ್ದೇನೆ. ಪ್ರತಿ ಸಲವೂ ಆಯ್ತಕ್ಕಾ ಎನ್ನುತ್ತಾಳೆ. ನನ್ನ ತಪ್ಪನ್ನು ಅವಳು ತನ್ನದು ಮಾಡಿಕೊಂಡಿದ್ದಾಳೆ, ಅದನ್ನು ಅವಳಿಂದ ವಾಪಸ್ಸು ಪಡೆಯುವುದು ನನ್ನಿಂದ ಆಗುತ್ತಿಲ್ಲ.